ಹೋಟೆಲ್ ಪಾಯಿಂಟ್‌ಗಳ ಲೆಕ್ಕ: ಎಷ್ಟು ಸೇರುತ್ತವೆ, ಎಂದು ಮುಗಿಯುತ್ತವೆ, ಹೇಗೆ ಬಳಸುವುದು

"ಪ್ರತಿ 20 ರೂಪಾಯಿಗೆ 1 ಪಾಯಿಂಟ್." ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ ಇಂಥ ಚೀಟಿ ಈಗ ದೊಡ್ಡ ಹೋಟೆಲ್‌ಗಳಲ್ಲಿ ಮಾತ್ರವಲ್ಲ, ಮೂರು ನಾಲ್ಕು ಶಾಖೆಗಳ ಉಪಾಹಾರ ಮಂದಿರಗಳಲ್ಲಿಯೂ ಕಾಣುತ್ತದೆ. ಈ ವಾಕ್ಯದಲ್ಲಿ ತಪ್ಪೇನೂ ಇಲ್ಲ, ಆದರೆ ಇದು ಅರ್ಧ ವಾಕ್ಯ. ಒಂದು ಪಾಯಿಂಟಿಗೆ ಎಷ್ಟು ಬೆಲೆ, ಅದು ಎಷ್ಟು ದಿನ ಬದುಕುತ್ತದೆ, ಎಷ್ಟು ಪಾಯಿಂಟ್ ಕೂಡಿದ ಮೇಲೆ ಮುಟ್ಟಬಹುದು ಎಂಬ ಮೂರು ಸಂಗತಿ ತಿಳಿಯದೆ ಅದರಿಂದ ಗ್ರಾಹಕನಿಗೆ ಏನೂ ತಿಳಿಯುವುದಿಲ್ಲ. ಆ ಮೂರೂ ಸಾಮಾನ್ಯವಾಗಿ ಬೇರೆ ಬೇರೆ ಕಡೆ, ಸಣ್ಣ ಅಕ್ಷರದಲ್ಲಿ, ಬಹಳ ಸಲ ಕನ್ನಡವೇ ಅಲ್ಲದ ಭಾಷೆಯಲ್ಲಿ ಇರುತ್ತವೆ.

ಇವನ್ನು ಬಿಡಿಸಿ ಹೇಳಲು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಮೈಸೂರಿನಲ್ಲಿ ಮೂರು, ಮಂಡ್ಯದಲ್ಲಿ ಒಂದು ಶಾಖೆ ಇರುವ ಸಸ್ಯಾಹಾರಿ ಹೋಟೆಲ್. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಚಾಟ್ಸ್. ಇದರ ಷರತ್ತುಗಳು ಹೀಗಿವೆ ಎಂದುಕೊಳ್ಳೋಣ: 20 ರೂಪಾಯಿಗೆ 1 ಪಾಯಿಂಟ್, 1 ಪಾಯಿಂಟಿನ ಬೆಲೆ 50 ಪೈಸೆ, ಕನಿಷ್ಠ 100 ಪಾಯಿಂಟ್ ಕೂಡಿದ ಮೇಲೆ ಬಳಸಬಹುದು, ಒಂದು ಬಿಲ್ಲಿನಲ್ಲಿ ತೆರಿಗೆಗೆ ಮೊದಲಿನ ಮೊತ್ತದ ನೂರಕ್ಕೆ 20ರವರೆಗೆ ಮಾತ್ರ ಕಳೆಯಬಹುದು, ಪಾಯಿಂಟಿನ ಅವಧಿ ಆರು ತಿಂಗಳು. ಹೋಟೆಲ್ ಕಾಲ್ಪನಿಕವಾದರೂ ಷರತ್ತುಗಳು ನಮ್ಮ ಊರುಗಳಲ್ಲಿ ಕಾಣುವಂಥವೇ.

ಮೊದಲು ಮಾಡಬೇಕಾದದ್ದು ಒಂದೇ ಭಾಗಾಕಾರ. 20 ರೂಪಾಯಿ ಖರ್ಚು ಮಾಡಿದರೆ 50 ಪೈಸೆ ವಾಪಸ್ಸು, ಅಂದರೆ ನೂರಕ್ಕೆ ಎರಡೂವರೆ. ಪಾಯಿಂಟಿನ ಸಂಖ್ಯೆ ಎಷ್ಟು ದೊಡ್ಡದಾಗಿ ಕಂಡರೂ ಯೋಜನೆಯ ನಿಜವಾದ ಅಳತೆ ಇದೇ. ಪಕ್ಕದ ಬೀದಿಯ ಹೋಟೆಲ್ "ಪ್ರತಿ ರೂಪಾಯಿಗೆ 1 ಪಾಯಿಂಟ್" ಎಂದು ಬರೆದು, 100 ಪಾಯಿಂಟಿಗೆ 1 ರೂಪಾಯಿ ಕೊಟ್ಟರೆ ಅದು ನೂರಕ್ಕೆ ಒಂದು ಮಾತ್ರ. ಆದ್ದರಿಂದ ಷರತ್ತಿನ ಮೊದಲ ಸಾಲಿನಲ್ಲಿಯೇ ಪಾಯಿಂಟನ್ನೂ ರೂಪಾಯಿಯನ್ನೂ ಒಟ್ಟಿಗೆ ಬರೆಯಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ: "ನೀವು 1,000 ರೂಪಾಯಿಯ ತಿಂಡಿ ಊಟ ಮಾಡಿದರೆ 50 ಪಾಯಿಂಟ್ ಸೇರುತ್ತವೆ. ಅವುಗಳ ಬೆಲೆ 25 ರೂಪಾಯಿ." ಈ ಎರಡು ವಾಕ್ಯ ಓದಿದವರಿಗೆ ಮುಂದೆ ಯಾವ ಕ್ಯಾಲ್ಕುಲೇಟರೂ ಬೇಕಾಗುವುದಿಲ್ಲ.

ಇನ್ನು ಯಾವ ಮೊತ್ತಕ್ಕೆ ಪಾಯಿಂಟ್ ಎಂಬ ಪ್ರಶ್ನೆ. ಸಾಮಾನ್ಯವಾಗಿ ತಿಂಡಿ, ಊಟ, ಪಾನೀಯಗಳ ಬೆಲೆಗೆ ಮಾತ್ರ; ಜಿಎಸ್‌ಟಿಗೆ, ಪಾರ್ಸೆಲ್ ಡಬ್ಬಿಯ ಶುಲ್ಕಕ್ಕೆ, ಮನೆಗೆ ತಲುಪಿಸುವ ಶುಲ್ಕಕ್ಕೆ ಇಲ್ಲ. ನಮ್ಮ ಬಹುತೇಕ ದರ್ಶಿನಿಗಳ ದರಪಟ್ಟಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. 105 ರೂಪಾಯಿಯ ದೋಸೆಯಲ್ಲಿ 5 ರೂಪಾಯಿ ತೆರಿಗೆಯಾದರೆ ಪಾಯಿಂಟ್ ಬರುವುದು 100 ರೂಪಾಯಿಗೆ. ಸ್ವಿಗ್ಗಿ, ಜೊಮ್ಯಾಟೊ ಮೂಲಕ ತರಿಸಿದ ಊಟಕ್ಕೆ ಪಾಯಿಂಟ್ ಸಿಗದಿರುವುದೂ ಸಾಮಾನ್ಯ. ಅದಕ್ಕೆ ಎರಡು ಕಾರಣಗಳಿವೆ. ಆ ಆರ್ಡರಿನ ಮೇಲೆ ಹೋಟೆಲ್ ಕಮಿಷನ್ ಕೊಟ್ಟಿರುತ್ತದೆ, ಜೊತೆಗೆ ತರಿಸಿದವರು ಯಾರು ಎಂಬುದು ಹೋಟೆಲಿನ ಸ್ವಂತ ಲೆಕ್ಕಕ್ಕೆ ಬರುವುದಿಲ್ಲ. ಇದು ನ್ಯಾಯವಾದ ಹೊರಗಿಡುವಿಕೆ, ಆದರೆ ಬರೆದು ಹೇಳಬೇಕು.

ಬರೆದು ಹೇಳದೆ ಉಳಿಯುವ ಇನ್ನೊಂದಿದೆ, ಅದು ಚಿಲ್ಲರೆಯ ವಿಷಯ. ದಿನವೂ ಬೆಳಿಗ್ಗೆ ಬಂದು ಒಂದು ವಡೆ, ಒಂದು ಕಾಫಿ ತೆಗೆದುಕೊಳ್ಳುವ ಒಬ್ಬರನ್ನು ನೆನೆಸಿಕೊಳ್ಳಿ. ತೆರಿಗೆ ಬಿಟ್ಟು ಬಿಲ್ 38 ರೂಪಾಯಿ. 20 ರೂಪಾಯಿಗೆ ಒಂದು ಪಾಯಿಂಟ್ ಸೇರುತ್ತದೆ, ಉಳಿದ 18 ರೂಪಾಯಿಗೆ ಏನೂ ಇಲ್ಲ. ತಿಂಗಳಲ್ಲಿ 25 ದಿನ ಬಂದರೆ 950 ರೂಪಾಯಿ ಖರ್ಚು, 25 ಪಾಯಿಂಟ್, ಬೆಲೆ ಹನ್ನೆರಡೂವರೆ ರೂಪಾಯಿ. ಅದೇ ತಿಂಗಳಲ್ಲಿ ಒಂದೇ ಸಲ ಮನೆಮಂದಿಯೊಂದಿಗೆ ಬಂದು 950 ರೂಪಾಯಿಯ ಒಂದೇ ಬಿಲ್ ಮಾಡಿದವರಿಗೆ 47 ಪಾಯಿಂಟ್, ಬೆಲೆ ಇಪ್ಪತ್ತಮೂರೂವರೆ ರೂಪಾಯಿ. ಯಾರ ನಿಷ್ಠೆಗಾಗಿ ಯೋಜನೆ ಮಾಡಿದ್ದೋ ಅವರಿಗೇ ಸುಮಾರು ಅರ್ಧ ಸಿಕ್ಕಿತು. ಇದನ್ನು ಯಾರೂ ಬೇಕೆಂದು ಮಾಡಿರುವುದಿಲ್ಲ. ಬಿಲ್ಲಿಂಗ್ ತಂತ್ರಾಂಶದಲ್ಲಿ ಪೂರ್ಣಾಂಕಕ್ಕೆ ಇಳಿಸುವ ಆಯ್ಕೆ ಮೊದಲೇ ಒತ್ತಿರುತ್ತದೆ, ಅಷ್ಟೆ. ಪಾಯಿಂಟನ್ನು ದಶಮಾಂಶದಲ್ಲಿ ಇಟ್ಟರೆ, ಅಂದರೆ 38 ರೂಪಾಯಿಗೆ 1.9 ಎಂದು ಬರೆದುಕೊಂಡರೆ, ಈ ಅನ್ಯಾಯ ಅಲ್ಲಿಗೇ ಮುಗಿಯುತ್ತದೆ. ತಂತ್ರಾಂಶ ಒಪ್ಪದಿದ್ದರೆ 2 ರೂಪಾಯಿಗೆ 1 ಪಾಯಿಂಟ್, 1 ಪಾಯಿಂಟಿಗೆ 5 ಪೈಸೆ ಎಂದು ಮಾಡಬಹುದು. ದರ ಅದೇ ನೂರಕ್ಕೆ ಎರಡೂವರೆ ಉಳಿಯುತ್ತದೆ, ಪ್ರತಿ ಬಿಲ್ಲಿನಲ್ಲಿ ಕಳೆದುಹೋಗುವುದು ಮಾತ್ರ 2 ರೂಪಾಯಿಗಿಂತ ಕಡಿಮೆ.

ಈಗ ಅವಧಿಯ ವಿಷಯಕ್ಕೆ ಬರೋಣ. ಗ್ರಾಹಕರ ಜಗಳಗಳೆಲ್ಲ ಹುಟ್ಟುವುದು ಇಲ್ಲಿ.

"ಪಾಯಿಂಟ್‌ಗಳ ಅವಧಿ ಆರು ತಿಂಗಳು" ಎಂದು ಬರೆದರೆ ಎಲ್ಲವನ್ನೂ ಹೇಳಿದಂತೆ ಕಾಣುತ್ತದೆ. ಆದರೆ ಆರು ತಿಂಗಳು ಎಲ್ಲಿಂದ? ಆ ಪಾಯಿಂಟ್ ಸೇರಿದ ದಿನದಿಂದಲೋ, ಗ್ರಾಹಕ ಕೊನೆಯ ಸಲ ಬಂದ ದಿನದಿಂದಲೋ? ಮೊದಲನೆಯದಾದರೆ ಪ್ರತಿ ಬಿಲ್ಲಿನ ಪಾಯಿಂಟಿಗೂ ಅದರದೇ ಕೊನೆಯ ದಿನ ಇರುತ್ತದೆ. ಎರಡನೆಯದಾದರೆ ಪ್ರತಿ ಭೇಟಿಯೂ ಹಳೆಯ ಪಾಯಿಂಟ್‌ಗಳಿಗೆಲ್ಲ ಹೊಸ ಆಯುಷ್ಯ ಕೊಡುತ್ತದೆ. ಆರು ತಿಂಗಳು ಒಂದೇ ಒಂದು ಸಲವೂ ಬರದಿದ್ದರೆ ಮಾತ್ರ ಎಲ್ಲವೂ ಒಮ್ಮೆಗೆ ಹೋಗುತ್ತವೆ. ಇನ್ನು ಕೆಲವರು ಲೆಕ್ಕ ಸುಲಭವಾಗಲೆಂದು ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ, ಎಲ್ಲರ ಪಾಯಿಂಟ್‌ಗಳನ್ನೂ ಸೊನ್ನೆ ಮಾಡುತ್ತಾರೆ. ಮೂರೂ ಚಾಲ್ತಿಯಲ್ಲಿವೆ, ಮೂರರ ಫಲ ಬೇರೆ ಬೇರೆ.

ಒಂದು ಕುಟುಂಬವನ್ನು ಈ ಮೂರರ ಮೂಲಕ ನಡೆಸಿ ನೋಡೋಣ. ಎರಡು ತಿಂಗಳಿಗೊಮ್ಮೆ ಭಾನುವಾರ ಬರುವವರು. ಜನವರಿ 18ರಂದು 860 ರೂಪಾಯಿಯ ಬಿಲ್, 43 ಪಾಯಿಂಟ್. ಮಾರ್ಚ್ 22ರಂದು 640 ರೂಪಾಯಿ, 32 ಪಾಯಿಂಟ್. ಮೇ 10ರಂದು ನೆಂಟರೂ ಜೊತೆಗಿದ್ದರು, 1,120 ರೂಪಾಯಿ, 56 ಪಾಯಿಂಟ್. ಒಟ್ಟು 131. ಮುಂದೆ ಅವರು ಬರುವುದು ಜುಲೈ 26ರ ಭಾನುವಾರ ಅಥವಾ ಒಂದು ವಾರ ಬಿಟ್ಟು ಆಗಸ್ಟ್ 2ರಂದು.

ಪ್ರತಿ ಬಿಲ್ಲಿಗೂ ಬೇರೆ ಅವಧಿ ಇರುವ ಪದ್ಧತಿಯಲ್ಲಿ, ಸೇರಿದ ತಿಂಗಳನ್ನು ಬಿಟ್ಟು ಆರನೆಯ ತಿಂಗಳ ಕೊನೆಯ ದಿನದವರೆಗೆ ಪಾಯಿಂಟ್ ಬದುಕುತ್ತದೆ ಎಂದಿಟ್ಟುಕೊಳ್ಳಿ. ಜನವರಿಯ 43 ಜುಲೈ 31ರವರೆಗೆ, ಮಾರ್ಚಿನ 32 ಸೆಪ್ಟೆಂಬರ್ 30ರವರೆಗೆ, ಮೇ ತಿಂಗಳ 56 ನವೆಂಬರ್ 30ರವರೆಗೆ. ಜುಲೈ 26ರಂದು ಬಂದರೆ 131 ಪಾಯಿಂಟೂ ಜೀವಂತವಾಗಿವೆ. 100 ಬಳಸಿ 50 ರೂಪಾಯಿ ಕಳೆಯಬಹುದು. ಆಗಸ್ಟ್ 2ರಂದು ಬಂದರೆ ಜನವರಿಯ 43 ಹೋಗಿ 88 ಉಳಿದಿರುತ್ತವೆ. ಕನಿಷ್ಠ 100 ಬೇಕು. ಆದ್ದರಿಂದ ಅಂದು ಕಳೆದುಕೊಂಡದ್ದು ಬರೀ 43 ಪಾಯಿಂಟನ್ನಲ್ಲ. ಉಳಿದ 88ನ್ನೂ ಮುಟ್ಟುವಂತಿಲ್ಲ. ಕೊನೆಯ ಭೇಟಿಯಿಂದ ಎಣಿಸುವ ಪದ್ಧತಿಯಲ್ಲಿ ಎರಡೂ ಭಾನುವಾರ 131 ಹಾಗೆಯೇ ಇರುತ್ತವೆ, ಏಕೆಂದರೆ ಮೇ 10ರಿಂದ ಆರು ತಿಂಗಳು ಇನ್ನೂ ತುಂಬಿಲ್ಲ. ಮಾರ್ಚ್ 31ರ ಪದ್ಧತಿಯಲ್ಲಿ ಮೊದಲ ಎರಡು ಬಿಲ್ಲಿನ 75 ಪಾಯಿಂಟ್ ಎಂದೋ ಹೋಗಿವೆ, ಕೈಯಲ್ಲಿರುವುದು 56. ಮಾರ್ಚ್ 22ರಂದು ಸೇರಿದ 32 ಪಾಯಿಂಟ್ ಬದುಕಿದ್ದು ಒಂಬತ್ತೇ ದಿನ.

ಈ ಲೆಕ್ಕದಲ್ಲಿ ನಾನು ಎತ್ತಿ ತೋರಿಸಬೇಕೆಂದಿರುವುದು ಅವಧಿಯನ್ನು ಮಾತ್ರವಲ್ಲ, ಅವಧಿಯೂ ಕನಿಷ್ಠ ಮಿತಿಯೂ ಸೇರಿ ಮಾಡುವ ಕೆಲಸವನ್ನು. ಆರು ತಿಂಗಳ ಅವಧಿ ಒಂದೇ ನೋಡಿದರೆ ಉದಾರವಾಗಿದೆ. 100 ಪಾಯಿಂಟಿನ ಮಿತಿ ಒಂದೇ ನೋಡಿದರೆ ಸಣ್ಣದು. ಎರಡನ್ನೂ ಕೂಡಿಸಿ: ಪ್ರತಿ ಬಿಲ್ಲಿಗೂ ಬೇರೆ ಅವಧಿ ಇರುವ ಪದ್ಧತಿಯಲ್ಲಿ 100 ಪಾಯಿಂಟಿಗೆ 2,000 ರೂಪಾಯಿ ಖರ್ಚಾಗಬೇಕು, ಅದೂ ಹೆಚ್ಚೆಂದರೆ ಏಳು ತಿಂಗಳ ಒಳಗೆ. ತಿಂಗಳಿಗೆ 280 ರೂಪಾಯಿಗಿಂತ ಕಡಿಮೆ ಖರ್ಚು ಮಾಡುವವರು ಹತ್ತು ವರ್ಷ ಬಂದರೂ ಒಂದು ಪಾಯಿಂಟನ್ನೂ ಬಳಸಲಾರರು. ಅವರ ಖಾತೆಯಲ್ಲಿ ಸದಾ ಎಪ್ಪತ್ತೋ ತೊಂಬತ್ತೋ ಕಾಣುತ್ತಿರುತ್ತದೆ, ಮುಂದಿನಿಂದ ಸೇರಿದಷ್ಟೇ ಹಿಂದಿನಿಂದ ಹೋಗುತ್ತಿರುತ್ತದೆ. ಷರತ್ತು ಓದುವವರು ಮಾಡಬೇಕಾದ ಪರೀಕ್ಷೆ ಇದೇ: ನನ್ನ ಸಾಮಾನ್ಯ ಖರ್ಚಿನಲ್ಲಿ ಕನಿಷ್ಠ ಮಿತಿ ಎಷ್ಟು ತಿಂಗಳಿಗೆ ತಲುಪುತ್ತದೆ? ಅದು ಅವಧಿಯ ಅರ್ಧದೊಳಗೆ ಬಂದರೆ ಯೋಜನೆ ನಿಮಗಾಗಿ ಇದೆ. ಅವಧಿಯ ಅಂಚಿಗೆ ಬಂದರೆ ಒಂದು ವಾರ ಊರಿಗೆ ಹೋಗಿದ್ದೂ ನಷ್ಟವಾಗುತ್ತದೆ. ಷರತ್ತು ಬರೆಯುವ ಮಾಲೀಕರಿಗೂ ಇದೇ ಪರೀಕ್ಷೆ. ನಮ್ಮ ಉದಾಹರಣೆಯಲ್ಲಿ ಕನಿಷ್ಠ ಮಿತಿಯನ್ನು 40 ಪಾಯಿಂಟಿಗೆ, ಅಂದರೆ 20 ರೂಪಾಯಿಗೆ ಇಳಿಸಿದರೆ ಆ ಕುಟುಂಬಕ್ಕೆ ಮಾರ್ಚ್ 22ರಂದೇ ಒಂದು ಕಾಫಿಯಷ್ಟಾದರೂ ಸಿಗುತ್ತಿತ್ತು.

ಹಾಗಾದರೆ ಅವಧಿಯೇ ಏಕೆ ಬೇಕು ಎಂದು ಕೇಳುವುದು ಸಹಜ. ಮಾಲೀಕರ ಕಡೆಯಿಂದ ನೋಡಿದರೆ ಬಳಸದ ಪ್ರತಿ ಪಾಯಿಂಟೂ ತೀರಿಸಬೇಕಾದ ಸಾಲ. ನಾಲ್ಕು ಶಾಖೆಗಳಲ್ಲಿ ತಿಂಗಳಿಗೆ 15 ಲಕ್ಷ ರೂಪಾಯಿಯ ವ್ಯಾಪಾರ ಪಾಯಿಂಟ್ ಸೇರುವ ಬಿಲ್‌ಗಳಲ್ಲಿ ನಡೆಯುತ್ತದೆ ಎಂದುಕೊಳ್ಳಿ. ತಿಂಗಳಿಗೆ 75,000 ಪಾಯಿಂಟ್, ಅಂದರೆ 37,500 ರೂಪಾಯಿಯ ಹೊಸ ಸಾಲ. ಯಾರೂ ಬಳಸದೆ ಆರು ತಿಂಗಳು ಕೂಡಿದರೆ ಎರಡೂಕಾಲು ಲಕ್ಷ, ಎರಡು ವರ್ಷ ಕೂಡಿದರೆ 9 ಲಕ್ಷ. ಅವಧಿ ಇಲ್ಲದಿದ್ದರೆ ಈ ಮೊತ್ತಕ್ಕೆ ಮೇಲ್ಮಿತಿಯೇ ಇಲ್ಲ. ಒಂದು ಶಾಖೆ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿದ ವಾರ ಎಲ್ಲರೂ ಒಟ್ಟಿಗೆ ಬಂದರೆ ಆ ವಾರದ ಸಂಬಳಕ್ಕೆ ಕಷ್ಟವಾಗುತ್ತದೆ. ಸಣ್ಣ ಹೋಟೆಲಿಗೆ ಅವಧಿ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅವಧಿಯ ಉದ್ದೇಶ ಸಾಲಕ್ಕೆ ಒಂದು ಅಳತೆ ಹಾಕುವುದೇ ಹೊರತು ಗ್ರಾಹಕ ಮರೆಯಲಿ ಎಂದು ಕಾಯುವುದಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಸಂದೇಶದಲ್ಲಿ ತಿಳಿಯುತ್ತದೆ: ಅವಧಿ ಮುಗಿಯುವ ಹದಿನೈದು ದಿನ ಮೊದಲು "ನಿಮ್ಮ 43 ಪಾಯಿಂಟ್ ಜುಲೈ 31ಕ್ಕೆ ಮುಗಿಯುತ್ತವೆ" ಎಂದು ತಿಳಿಸುವ ಹೋಟೆಲ್ ಮೊದಲ ಗುಂಪಿನದು.

ಬೇರೆ ಕಡೆ ಕಾನೂನು ಇದರಲ್ಲಿ ಕೈ ಹಾಕಿದ್ದೂ ಇದೆ. ಕೆನಡಾದ ಒಂಟಾರಿಯೊ ಪ್ರಾಂತ್ಯ, ಕಾಲ ಕಳೆಯಿತು ಎಂಬ ಒಂದೇ ಕಾರಣಕ್ಕೆ ಗ್ರಾಹಕರ ಪಾಯಿಂಟ್‌ಗಳನ್ನು ರದ್ದು ಮಾಡುವುದನ್ನು ನಿರ್ಬಂಧಿಸುವ ಕಾನೂನನ್ನು 2016ರಲ್ಲಿ ಅಂಗೀಕರಿಸಿತು. ನಮ್ಮಲ್ಲಿ ಪಾಯಿಂಟಿನ ಅವಧಿಗೆಂದೇ ಅಂಥ ಕಾನೂನಿಲ್ಲ. ಹಾಗಾಗಿ ಇಲ್ಲಿ ಷರತ್ತಿನಲ್ಲಿ ಬರೆದ ಮಾತೇ ಮುಖ್ಯ, ಅದರ ಸ್ಪಷ್ಟತೆಯೇ ಮುಖ್ಯ. ನಾಲ್ಕು ಶಾಖೆಗಳ ಹೋಟೆಲಿಗೆ ನಾನು ಸೂಚಿಸುವ ಒಕ್ಕಣೆ ಇದು: "ನೀವು ಕೊನೆಯ ಸಲ ನಮ್ಮ ಯಾವುದೇ ಶಾಖೆಯಲ್ಲಿ ಬಿಲ್ ಮಾಡಿದ ದಿನದಿಂದ ಆರು ತಿಂಗಳವರೆಗೆ ನಿಮ್ಮ ಎಲ್ಲ ಪಾಯಿಂಟ್‌ಗಳೂ ಚಾಲ್ತಿಯಲ್ಲಿರುತ್ತವೆ. ಅಷ್ಟರೊಳಗೆ ಒಮ್ಮೆ ಬಂದರೂ ಅವಧಿ ಮತ್ತೆ ಆರು ತಿಂಗಳು ಮುಂದಕ್ಕೆ ಹೋಗುತ್ತದೆ." ಇದರಲ್ಲಿ ಗ್ರಾಹಕ ನೆನಪಿಡಬೇಕಾದ ದಿನಾಂಕ ಒಂದೇ. ಬಿಲ್ಲಿನ ಅಡಿಯಲ್ಲಿ ಅದನ್ನು ಒಂದು ಸಾಲಿನಲ್ಲಿ ಅಚ್ಚು ಮಾಡಬಹುದು. ಪ್ರತಿ ಬಿಲ್ಲಿಗೂ ಬೇರೆ ದಿನಾಂಕ ಇರುವ ಪದ್ಧತಿಯಲ್ಲಿ ಹಾಗೆ ಒಂದು ಸಾಲಿನಲ್ಲಿ ಹೇಳಲು ಸಾಧ್ಯವೇ ಇಲ್ಲ.

ಬಿಲ್ಲುವಾರು ಅವಧಿಯನ್ನೇ ಇಟ್ಟುಕೊಂಡವರು ಇನ್ನೊಂದು ಮಾತನ್ನು ಸೇರಿಸಲೇಬೇಕು: ಬಳಸುವಾಗ ಯಾವ ಪಾಯಿಂಟ್ ಮೊದಲು ಹೋಗುತ್ತದೆ? ಜುಲೈ 26ರಂದು ಆ ಕುಟುಂಬ 131ರಲ್ಲಿ 100 ಬಳಸಿತು. ಹಳೆಯದು ಮೊದಲು ಎಂದಾದರೆ ಜನವರಿಯ 43, ಮಾರ್ಚಿನ 32, ಮೇ ತಿಂಗಳಿನಿಂದ 25 ಹೋಗುತ್ತವೆ. ಉಳಿದ 31 ಪಾಯಿಂಟಿಗೆ ನವೆಂಬರ್ 30ರವರೆಗೆ ಸಮಯವಿದೆ. ಹೊಸದು ಮೊದಲು ಎಂದಾದರೆ ಮೇ ತಿಂಗಳ 56, ಮಾರ್ಚಿನ 32, ಜನವರಿಯ 12 ಹೋಗುತ್ತವೆ. ಉಳಿದ 31 ಜನವರಿಯವು, ಐದು ದಿನದಲ್ಲಿ ಮುಗಿಯುತ್ತವೆ. ಪರದೆಯ ಮೇಲೆ ಎರಡರಲ್ಲೂ "ಉಳಿಕೆ 31" ಎಂದೇ ಕಾಣುತ್ತದೆ. ನಿಮ್ಮ ಹೋಟೆಲಿನಲ್ಲಿ ಯಾವ ಕ್ರಮ ಎಂದು ತಿಳಿಯಬೇಕಾದರೆ, ಪಾಯಿಂಟ್ ಬಳಸಿದ ಮೇಲೆ ಮುಂದಿನ ತಿಂಗಳ ಮೊದಲ ದಿನ ಉಳಿಕೆ ನೋಡಿ. ಬಳಕೆಯ ನಂತರವೂ ಹಳೆಯ ಬಿಲ್ಲಿನ ಪಾಯಿಂಟ್ ಅವಧಿ ಮುಗಿದು ಹೋಗಿದ್ದರೆ ಕ್ರಮ ಉಲ್ಟಾ ಇದೆ ಎಂದು ಅರ್ಥ. "ಬೇಗ ಮುಗಿಯುವ ಪಾಯಿಂಟ್‌ಗಳನ್ನೇ ಮೊದಲು ಕಳೆಯಲಾಗುತ್ತದೆ" ಎಂಬ ಒಂದು ವಾಕ್ಯ ಷರತ್ತಿನಲ್ಲಿದ್ದರೆ ಈ ಪತ್ತೇದಾರಿಯೇ ಬೇಡ.

ಅದೇ ಜುಲೈ 26ರ ಬಿಲ್ಲನ್ನು ಈಗ ಪೂರ್ತಿ ಮಾಡೋಣ. ಊಟದ ಮೊತ್ತ 900 ರೂಪಾಯಿ. ನೂರಕ್ಕೆ 20 ಎಂದರೆ 180 ರೂಪಾಯಿವರೆಗೆ ಕಳೆಯಬಹುದು, ಅವರು ಕಳೆಯುತ್ತಿರುವುದು 50, ಮಿತಿಯೊಳಗೇ ಇದೆ. ಈ 50ನ್ನು ಜಿಎಸ್‌ಟಿ ಹಾಕುವ ಮೊದಲು ಕಳೆಯಬೇಕೋ, ಹಾಕಿದ ಮೇಲೋ? ಮೊದಲು ಕಳೆದರೆ 850, ಅದಕ್ಕೆ ನೂರಕ್ಕೆ 5ರಂತೆ ತೆರಿಗೆ 42.50, ಒಟ್ಟು 892.50. ಆಮೇಲೆ ಕಳೆದರೆ 900ಕ್ಕೆ ತೆರಿಗೆ 45, ಒಟ್ಟು 945ರಲ್ಲಿ 50 ಹೋಗಿ 895. ವ್ಯತ್ಯಾಸ ಎರಡೂವರೆ ರೂಪಾಯಿ. ಮೊತ್ತ ಸಣ್ಣದಾದರೂ ಬಿಲ್ಲಿನ ಸ್ವರೂಪವೇ ಬೇರೆಯಾಗುತ್ತದೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಮಾರಾಟದ ಹೊತ್ತಿನಲ್ಲಿಯೇ ಕೊಟ್ಟು ಬಿಲ್ಲಿನಲ್ಲಿ ನಮೂದಿಸಿದ ರಿಯಾಯಿತಿ ತೆರಿಗೆ ಲೆಕ್ಕದ ಮೌಲ್ಯಕ್ಕೆ ಸೇರುವುದಿಲ್ಲ. ಹೋಟೆಲ್ ತನ್ನದೇ ಪಾಯಿಂಟಿಗೆ ತನ್ನದೇ ಬಿಲ್ಲಿನಲ್ಲಿ ಬೆಲೆ ಇಳಿಸುವುದು ರಿಯಾಯಿತಿಯೇ. ಆದ್ದರಿಂದ ಬಿಲ್ಲಿಂಗ್ ತಂತ್ರಾಂಶದಲ್ಲಿ ಪಾಯಿಂಟನ್ನು "ನಗದು, ಕಾರ್ಡ್, ಯುಪಿಐ" ಸಾಲಿನಲ್ಲಿ ಪಾವತಿಯ ಒಂದು ಬಗೆಯಾಗಿ ಸೇರಿಸದೆ ರಿಯಾಯಿತಿಯ ಸಾಲಿನಲ್ಲಿ ಸೇರಿಸಬೇಕು. ಪಾವತಿಯ ಸಾಲಿನಲ್ಲಿ ಸೇರಿಸಿದರೆ ಗ್ರಾಹಕರು ಹೆಚ್ಚು ತೆರಿಗೆ ಕೊಡುತ್ತಾರೆ. ಜೊತೆಗೆ ದಿನದ ಕೊನೆಗೆ ಗಲ್ಲಾದ ಹಣಕ್ಕೂ ವ್ಯಾಪಾರದ ಮೊತ್ತಕ್ಕೂ ತಾಳೆಯಾಗದೆ ಕ್ಯಾಷಿಯರ್ ಪರದಾಡುತ್ತಾರೆ. ನಿಮ್ಮ ಬಿಲ್ಲಿನಲ್ಲಿ ರಿಯಾಯಿತಿಯ ಸಾಲು ಜಿಎಸ್‌ಟಿ ಸಾಲುಗಳ ಮೇಲಿದೆಯೋ ಕೆಳಗಿದೆಯೋ ನೋಡಿದರೆ ತಿಳಿಯುತ್ತದೆ.

ಆ ದಿನ ಹೊಸ ಪಾಯಿಂಟ್ ಸೇರುವುದು 850 ರೂಪಾಯಿಗೆ, 900ಕ್ಕೆ ಅಲ್ಲ. ಪಾಯಿಂಟ್ ಕೊಟ್ಟು ತೀರಿಸಿದ ಭಾಗಕ್ಕೆ ಮತ್ತೆ ಪಾಯಿಂಟ್ ಇಲ್ಲ ಎಂಬುದು ಸರಿಯಾದ ನಿಯಮ. ಪಾಯಿಂಟಿಗೆ ನಗದು ಸಿಗುವುದಿಲ್ಲ, ಅದೂ ಸರಿ. ನೂರರ ಗುಣಕದಲ್ಲಿ ಮಾತ್ರ ಬಳಸಬೇಕು ಎಂಬ ನಿಯಮವನ್ನು ಮಾತ್ರ ನಾನು ಒಪ್ಪಲಾರೆ. 180 ಪಾಯಿಂಟ್ ಇರುವವರು 100 ಬಳಸಿ 80ನ್ನು ಅವಧಿಯ ಬಾಯಿಗೆ ಬಿಡಬೇಕಾಗುತ್ತದೆ. ಇದರಿಂದ ಯಾರ ಲೆಕ್ಕವೂ ಸುಲಭವಾಗುವುದಿಲ್ಲ, ತಂತ್ರಾಂಶಕ್ಕೆ 180ನ್ನು ಎರಡರಿಂದ ಭಾಗಿಸುವುದು ಕಷ್ಟವಲ್ಲ.

ಬಿಲ್ ರದ್ದಾದರೆ ಏನು ಎಂಬುದನ್ನು ಷರತ್ತು ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ಪಾರ್ಸೆಲ್ ಹೇಳಿ ಬಿಲ್ ಮಾಡಿದ ಮೇಲೆ ಅಡುಗೆಮನೆಯಲ್ಲಿ ಪದಾರ್ಥ ಮುಗಿದಿದೆ ಎಂದು ತಿಳಿಯಿತು, ಹಣ ವಾಪಸ್ಸು ಕೊಟ್ಟರು. ಆ ಬಿಲ್ಲಿಗೆ ಸೇರಿದ ಪಾಯಿಂಟ್ ಹಿಂದಕ್ಕೆ ಹೋಗಬೇಕು, ಆ ಬಿಲ್ಲಿನಲ್ಲಿ ಬಳಸಿದ ಪಾಯಿಂಟ್ ಗ್ರಾಹಕರ ಖಾತೆಗೆ ಮರಳಬೇಕು. ಮರಳಿದ ಪಾಯಿಂಟಿನ ಅವಧಿ ಅಷ್ಟರಲ್ಲಿ ಮುಗಿದಿದ್ದರೆ? ತಪ್ಪು ಹೋಟೆಲಿನದಾದ್ದರಿಂದ ಇನ್ನೂ ಹದಿನೈದು ದಿನ ಕೊಡುವುದು ಮರ್ಯಾದೆ. ಬಿಲ್ಲಿನ ಪಾಯಿಂಟ್ ಮರುದಿನದಿಂದ ಬಳಕೆಗೆ ಸಿಗುತ್ತದೆ ಎಂದು ಅನೇಕರು ಬರೆಯುವುದೂ ಇದೇ ಕಾರಣಕ್ಕೆ: ಪಾಯಿಂಟ್ ಸೇರಿಸಿ, ತಕ್ಷಣ ಬಳಸಿ, ಮೊದಲ ಬಿಲ್ಲನ್ನು ರದ್ದು ಮಾಡಿಸುವುದಕ್ಕೆ ಅವಕಾಶ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕೆಲವು ಹೋಟೆಲ್‌ಗಳು "2,000 ರೂಪಾಯಿ ಮುಂಗಡ ಕಟ್ಟಿ, 2,200ಕ್ಕೆ ಊಟ ಮಾಡಿ" ಎಂಬ ಯೋಜನೆಯನ್ನೂ ಅದೇ ಖಾತೆಯಲ್ಲಿ, ಅದೇ ಮೊಬೈಲ್ ನಂಬರಿನಲ್ಲಿ ನಡೆಸುತ್ತವೆ. ಅದು ಪಾಯಿಂಟಲ್ಲ. ಅದರಲ್ಲಿ 2,000 ರೂಪಾಯಿ ಗ್ರಾಹಕರು ಕೈಯಾರೆ ಕೊಟ್ಟ ಹಣ. ಒಬ್ಬ ವ್ಯಾಪಾರಿ ತನ್ನಲ್ಲಿ ಮಾತ್ರ ನಡೆಯುವಂತೆ ಪಡೆಯುವ ಇಂಥ ಮುಂಗಡಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ, ಹಾಗೆಂದು ಅದನ್ನು ಬಹುಮಾನದ ಪಾಯಿಂಟಿನಂತೆ ಆರು ತಿಂಗಳಿಗೆ ಸೊನ್ನೆ ಮಾಡುವುದು ಒಪ್ಪತಕ್ಕದ್ದಲ್ಲ. ಹೆಚ್ಚುವರಿ 200ಕ್ಕೆ ಅವಧಿ ಇಡಲಿ, ಕಟ್ಟಿದ ಹಣವನ್ನು ಬೇರೆ ಸಾಲಿನಲ್ಲಿ ತೋರಿಸಲಿ. ಎರಡೂ ಒಂದೇ "ಉಳಿಕೆ"ಯಾಗಿ ಕಾಣುವ ಕಡೆ ಮುಂಗಡ ಕಟ್ಟಬೇಡಿ.

ಮೊಬೈಲ್ ನಂಬರ್ ಎಂದೆ. ಈ ಯೋಜನೆಗಳಲ್ಲಿ ಖಾತೆ ಎಂದರೆ ನಂಬರೇ. ಪಾಯಿಂಟ್ ಬೇಕಾದವರು ನಂಬರ್ ಕೊಡುತ್ತಾರೆ, ಬೇಡವಾದವರು ಕೊಡಬೇಕಾಗಿಲ್ಲ. ಬಿಲ್ ಮಾಡಲು ಗ್ರಾಹಕರ ಮೊಬೈಲ್ ನಂಬರಿಗೆ ಒತ್ತಾಯಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿದೆ. ನಂಬರ್ ಕೊಡದೆ ಹೋದವರ ಬಿಲ್‌ಗಳಲ್ಲಿಯೇ ಒಂದು ಹಳೆಯ ಕಳ್ಳತನ ನಡೆಯುತ್ತದೆ. ಗಲ್ಲಾದಲ್ಲಿ ಕುಳಿತವರು ಆ ಬಿಲ್‌ಗಳಿಗೆ ತಮ್ಮ ಅಥವಾ ಗೆಳೆಯರ ನಂಬರ್ ಒತ್ತುತ್ತಾರೆ. ಪಾಯಿಂಟ್ ಕೂಡುತ್ತವೆ. ಆಮೇಲೆ ನಗದು ಕೊಟ್ಟ ಗ್ರಾಹಕರ ಬಿಲ್ಲಿನಲ್ಲಿ ಆ ಪಾಯಿಂಟನ್ನು ಕಳೆದು ವ್ಯತ್ಯಾಸವನ್ನು ಜೇಬಿಗೆ ಹಾಕುತ್ತಾರೆ. ಪತ್ತೆ ಹಚ್ಚುವುದು ಕಷ್ಟವಲ್ಲ: ಒಂದೇ ನಂಬರಿಗೆ, ಒಂದೇ ಕೌಂಟರಿನಲ್ಲಿ, ಒಂದೇ ದಿನ ಹತ್ತಾರು ಬಿಲ್ ಇದ್ದರೆ ಅದು ಗ್ರಾಹಕರ ನಂಬರಲ್ಲ. ಆದ್ದರಿಂದ "ಒಂದು ನಂಬರಿಗೆ ದಿನಕ್ಕೆ ಮೂರು ಬಿಲ್‌ಗಳವರೆಗೆ ಪಾಯಿಂಟ್" ಎಂಬ ಷರತ್ತು ಕಂಡರೆ ಅದು ನಿಮ್ಮನ್ನು ತಡೆಯಲು ಬರೆದದ್ದಲ್ಲ. ಪಾಯಿಂಟ್ ಬಳಸುವಾಗ ಒಟಿಪಿ ಕೇಳುವುದಕ್ಕೂ ಇದೇ ಕಾರಣ. ಇನ್ನೊಂದು ಕಾರಣವೂ ಉಂಟು. ನೀವು ಬಿಟ್ಟುಬಿಟ್ಟ ನಂಬರನ್ನು ದೂರಸಂಪರ್ಕ ಕಂಪನಿ 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು, ಆಗ ಪಾಯಿಂಟೂ ಅವರ ಪಾಲಾಗುತ್ತದೆ. ನಂಬರ್ ಬದಲಾಯಿಸುವವರು ಹಳೆಯ ಸಿಮ್ ಚಾಲ್ತಿಯಲ್ಲಿರುವಾಗಲೇ ಹೋಟೆಲಿಗೆ ಹೋಗಿ ಪಾಯಿಂಟ್ ವರ್ಗಾಯಿಸಿಕೊಳ್ಳಬೇಕು. ಅದು ಯಾವ ಶಾಖೆಯಲ್ಲಿ, ಯಾರ ಹತ್ತಿರ ಎಂಬುದನ್ನು ಷರತ್ತು ಹೇಳಬೇಕು.

ಕೊನೆಯದಾಗಿ ಎಲ್ಲ ಷರತ್ತುಗಳ ಅಡಿಯಲ್ಲಿ ಕಾಣುವ ಆ ಸಾಲು: "ಯಾವುದೇ ಸೂಚನೆ ಇಲ್ಲದೆ, ಯಾವಾಗ ಬೇಕಾದರೂ ಯೋಜನೆಯನ್ನು ಬದಲಿಸುವ ಅಥವಾ ನಿಲ್ಲಿಸುವ ಹಕ್ಕು ಆಡಳಿತಕ್ಕೆ ಇದೆ." ಮೇಲೆ ಬರೆದದ್ದನ್ನೆಲ್ಲ ಈ ಒಂದು ಸಾಲು ಅಳಿಸಿಹಾಕಬಲ್ಲದು. ಇಂದು 50 ಪೈಸೆಯ ಪಾಯಿಂಟನ್ನು ನಾಳೆ 25 ಪೈಸೆ ಮಾಡಿದರೆ ಸಂಖ್ಯೆ ಅದೇ ಇರುತ್ತದೆ, ಬೆಲೆ ಅರ್ಧವಾಗುತ್ತದೆ, ಯಾರಿಗೂ ಕಾಣುವುದೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ "ಅನ್ಯಾಯದ ಒಪ್ಪಂದ" ಎಂಬುದನ್ನು ವಿವರಿಸುವಾಗ, ಸರಿಯಾದ ಕಾರಣವಿಲ್ಲದೆ ಒಂದೇ ಕಡೆಯವರು ಒಪ್ಪಂದ ಮುರಿಯಲು ಅವಕಾಶ ಕೊಡುವ ಷರತ್ತನ್ನೂ ಅದರೊಳಗೆ ಎಣಿಸುತ್ತದೆ. ಹೋಟೆಲಿನ 50 ರೂಪಾಯಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ಕಡಿಮೆ. ಹಾಗಿದ್ದರೂ ಒಪ್ಪಂದವನ್ನು ಪ್ರಶ್ನಿಸಬಹುದು ಎಂಬ ಅರಿವು ಎರಡೂ ಕಡೆ ಇರುವುದು ಒಳ್ಳೆಯದು. ಹೋಟೆಲ್ ಒಪ್ಪಿಕೊಂಡ ಪಾಯಿಂಟನ್ನು ಕೊಡದಿದ್ದರೆ ಮೊದಲು ಬಿಲ್ಲುಗಳೊಂದಿಗೆ ವ್ಯವಸ್ಥಾಪಕರಿಗೆ ಬರೆದು ಕೊಡಿ; ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಆ ಸಾಲನ್ನು ಬದಲಿಸಿ ಬರೆಯಲು ಹೋಟೆಲಿಗೆ ಹೆಚ್ಚು ಖರ್ಚೇನೂ ಇಲ್ಲ. ನಮ್ಮ ಉದಾಹರಣೆಯ ಹೋಟೆಲಿಗೆ ಹೀಗೆ ಬರೆಯಬಹುದು: "ಯೋಜನೆಯನ್ನು ಬದಲಿಸುವುದಾದರೆ 30 ದಿನ ಮೊದಲು ನಿಮ್ಮ ಮೊಬೈಲಿಗೂ ಎಲ್ಲ ಶಾಖೆಗಳ ಗಲ್ಲಾದ ಬಳಿಯೂ ತಿಳಿಸುತ್ತೇವೆ. ಹೊಸ ದರ ಆ ದಿನದ ನಂತರ ಸೇರುವ ಪಾಯಿಂಟ್‌ಗಳಿಗೆ ಮಾತ್ರ. ಅದಕ್ಕೆ ಮೊದಲು ಸೇರಿದ ಪಾಯಿಂಟಿನ ಬೆಲೆ 50 ಪೈಸೆಯೇ ಆಗಿರುತ್ತದೆ. ಯೋಜನೆಯನ್ನೇ ನಿಲ್ಲಿಸುವುದಾದರೆ 90 ದಿನ ಸಮಯ ಕೊಡುತ್ತೇವೆ. ಆ ದಿನಗಳಲ್ಲಿ ಕನಿಷ್ಠ 100 ಪಾಯಿಂಟಿನ ಮಿತಿ ಇರುವುದಿಲ್ಲ, ಎಷ್ಟಿದ್ದರೂ ಬಳಸಬಹುದು. ನಿಮ್ಮ ಉಳಿಕೆಯಲ್ಲಿ ತಪ್ಪು ಕಂಡರೆ ಬಿಲ್ಲಿನೊಂದಿಗೆ ಯಾವುದೇ ಶಾಖೆಯ ವ್ಯವಸ್ಥಾಪಕರನ್ನು ಕಾಣಿ. ಏಳು ದಿನದೊಳಗೆ ಸರಿಪಡಿಸುತ್ತೇವೆ, ಆಗದಿದ್ದರೆ ಏಕೆ ಆಗುವುದಿಲ್ಲ ಎಂದು ಬರೆದು ತಿಳಿಸುತ್ತೇವೆ."